ಚೌಕ ಕೋಣೆ ಮೇಲೆ ದುಂಡು ಗುಮ್ಮಟ: ಎರಡಡಿ ಒಂದಿಂಚಿನ ಲೆಕ್ಕ

ಗಂಗಾವತಿ ಹತ್ತಿರ ನಮ್ಮ ಮಾವನವರ ಹೊಲದಲ್ಲಿ ಒಂದು ಸಣ್ಣ ಕೋಣೆ ಇದೆ. ಒಳಗಡೆ ಹತ್ತಡಿಗೆ ಹತ್ತಡಿ, ಗೋಡೆ ಒಂಬತ್ತಿಂಚು, ಮೇಲೆ ಇಟ್ಟಿಗೆಯ ಗುಮ್ಮಟ. ಆರ್‌ಸಿಸಿ ಹಾಕಿದರೆ ಬೇಸಿಗೆಯಲ್ಲಿ ಒಳಗೆ ಕೂರಕ್ಕೇ ಆಗಲ್ಲ ಅಂತ ಗುಮ್ಮಟದ ಆಸೆಗೆ ಬಿದ್ದೆವು. ಗೋಡೆ ಎದ್ದ ಮೇಲೆ ಗೌಂಡಿ ಅಟ್ಟಣಿಗೆ ಮೇಲೆ ನಿಂತು ನಾಲ್ಕೂ ಮೂಲೆ ನೋಡಿ ಕೇಳಿದ: "ಸರ, ದುಂಡಂದು ಈ ಮೂಲ್ಯಾಗ ಎದರ ಮ್ಯಾಲ ಕುಂದರತೈತ್ರೀ?"

ಪ್ರಶ್ನೆ ಅಷ್ಟೇ. ಹತ್ತಡಿ ಚೌಕದ ಒಳಗೆ ಹತ್ತಡಿ ವ್ಯಾಸದ ವೃತ್ತ ಎಳೆಯಿರಿ. ಅದು ನಾಲ್ಕು ಗೋಡೆಗಳ ನಟ್ಟನಡುವೆ ಮುಟ್ಟುತ್ತದೆ. ಮೂಲೆಗಳಲ್ಲಿ ಮಾತ್ರ ಗಾಳಿಯಲ್ಲಿ ಹೋಗುತ್ತದೆ. ಎಷ್ಟು ಗಾಳಿ? ನಡುವಿನಿಂದ ಮೂಲೆಗೆ 7 ಅಡಿ 1 ಇಂಚು, ವೃತ್ತಕ್ಕೆ 5 ಅಡಿ. ಉಳಿದದ್ದು 2 ಅಡಿ 1 ಇಂಚು. ಈ ಎರಡಡಿ ಒಂದಿಂಚಿನ ಬಾಕಿಯನ್ನು ತುಂಬುವುದಕ್ಕೆ ಎರಡು ದಾರಿ ಇವೆ. ಮೂಲೆಗೆ ಅಡ್ಡಲಾಗಿ ಒಂದು ಕಮಾನು ಕಟ್ಟಿ ನಾಲ್ಕು ಮೂಲೆಯನ್ನು ಎಂಟು ಮೂಲೆ ಮಾಡಿಕೊಂಡರೆ ಅದು ಸ್ಕ್ವಿಂಚ್. ಮೂಲೆಯಿಂದಲೇ ಒಂದು ದೊಡ್ಡ ಚೆಂಡಿನ ಹೋಳಿನಂತೆ ಇಟ್ಟಿಗೆಯನ್ನು ಒಳಕ್ಕೆ ಬಾಗಿಸುತ್ತಾ ಮೇಲೆ ನೇರ ವೃತ್ತಕ್ಕೇ ತಂದು ಬಿಟ್ಟರೆ ಅದು ಪೆಂಡೆಂಟಿವ್. ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಸ್ಕ್ವಿಂಚ್. ಯಾಕೆ ಅಂತ ಕೆಳಗೆ ಗೊತ್ತಾಗುತ್ತದೆ.

ಗುರುತು ಹಾಕುವುದು

ಬೇಕಾಗಿದ್ದು ದಾರ, ಸುಣ್ಣದ ಕಡ್ಡಿ, ತೂಗುಗುಂಡು, ಟ್ಯೂಬ್ ಲೆವೆಲ್. ಮೊದಲು ಕೋಣೆ ನಿಜವಾಗಲೂ ಚೌಕವೇ ಅಂತ ನೋಡಿ. ಎರಡೂ ಕರ್ಣ 14 ಅಡಿ 1¾ ಇಂಚು ಬರಬೇಕು. ಅರ್ಧ ಇಂಚು ಹೆಚ್ಚುಕಮ್ಮಿ ಇದ್ದರೆ ನಡೆಯುತ್ತದೆ. ಎರಡಿಂಚು ಇದ್ದರೆ ಈಗಲೇ ಗಾರೆ ಹಾಕಿ ಸರಿ ಮಾಡಿಕೊಳ್ಳಿ. ಮೇಲೆ ಹೋದಷ್ಟೂ ಆ ತಪ್ಪು ನಾಲ್ಕು ಕಮಾನುಗಳಲ್ಲಿ ನಾಲ್ಕು ರೀತಿ ಕಾಣಿಸುತ್ತದೆ.

ಈಗ ಒಂದು ಚಂದದ ಉಪಾಯ. ಎರಡು ಕರ್ಣ ಕೂಡುವ ಜಾಗ ಕೋಣೆಯ ನಡು. ಮೂಲೆಯಿಂದ ನಡುವಿನವರೆಗೆ ದಾರ ಹಿಡಿದು ಗಂಟು ಹಾಕಿ. ಆ ಗಂಟನ್ನು ಬಿಚ್ಚದೆ, ಮೂಲೆಯಲ್ಲಿ ದಾರದ ತುದಿ ಒತ್ತಿ ಹಿಡಿದು, ಪಕ್ಕದ ಗೋಡೆಗೆ ತಿರುಗಿಸಿ. ಗಂಟು ಗೋಡೆ ಬುಡಕ್ಕೆ ಬಡಿದ ಕಡೆ ಗುರುತು. ಇನ್ನೊಂದು ಗೋಡೆಗೂ ಹಾಗೇ. ನಾಲ್ಕು ಮೂಲೆಯಿಂದ ಎರಡೆರಡು ಗುರುತು, ಒಟ್ಟು ಎಂಟು. ಅವೇ ಎಂಟು ಮೂಲೆ. ಕ್ಯಾಲ್ಕುಲೇಟರ್ ಬೇಕಿಲ್ಲ. ಟೇಪ್ ಹಿಡಿದು ನೋಡಿದರೆ ಪ್ರತಿ ಗುರುತು ಹತ್ತಿರದ ಮೂಲೆಯಿಂದ 2 ಅಡಿ 11 ಇಂಚಿಗೆ ಬಿದ್ದಿರುತ್ತದೆ, ಎಂಟೂ ಬದಿ ಹತ್ತಿರಹತ್ತಿರ 4 ಅಡಿ 2 ಇಂಚು ಇರುತ್ತವೆ. ಕೋಣೆ ಎಂಟಡಿ ಇರಲಿ, ಹದಿನೈದು ಇರಲಿ, ಇದೇ ದಾರದ ಆಟ ನಡೆಯುತ್ತದೆ.

ಈ ಗುರುತುಗಳನ್ನು ಗುಂಡು ಬಿಟ್ಟು ಗೋಡೆಯ ಮೇಲೆ 8 ಅಡಿ ಎತ್ತರಕ್ಕೆ ಏರಿಸಿ. ಕಮಾನಿನ ಕಾಲು ಅಲ್ಲಿಂದ ಏಳುತ್ತದೆ. ಅಂದ ಹಾಗೆ, ಕಿಟಕಿ ಎಲ್ಲಿ ಇಡಬೇಕು ಅನ್ನುವುದೂ ಇಲ್ಲೇ ತೀರ್ಮಾನ ಆಗಿಹೋಯಿತು. ಕಮಾನಿನ ಭಾರ ಇಳಿಯುವುದು ಈ ಗುರುತುಗಳ ಹತ್ತಿರ. ಆದ್ದರಿಂದ ಮೂಲೆಯಿಂದ ಮೂರಡಿಯೊಳಗೆ ಕಿಟಕಿ, ಬಾಗಿಲು ಬೇಡ. ನಡುವಿನ ನಾಲ್ಕಡಿಯಲ್ಲಿ ಮೂರೂವರೆ ಅಡಿ ಕಿಟಕಿ ಆರಾಮಾಗಿ ಕೂರುತ್ತದೆ.

ಸ್ಕ್ವಿಂಚ್ ಕಟ್ಟುವುದು

ಮೂಲೆಯಿಂದ ಕೋಣೆಯ ನಡುವಿನ ಕಡೆಗೆ ಓರೆಯಾಗಿ ಬನ್ನಿ. ಐದಿಂಚು ಬಂದರೆ ಅಲ್ಲಿ ಎರಡು ಗೋಡೆಗಳ ನಡುವಿನ ಅಗಲ ಹತ್ತಿಂಚು. ಹತ್ತಿಂಚು ಬಂದರೆ ಅಗಲ ಇಪ್ಪತ್ತು. ಎಷ್ಟು ದೂರ ಬಂದೆವೋ ಅದರ ದುಪ್ಪಟ್ಟು ಅಗಲ, ಯಾಕಂದರೆ ಮೂಲೆ ಲಂಬಕೋನ. ಹಾಗಾದರೆ ಅಲ್ಲಿ ಅರ್ಧವೃತ್ತದ ಕಮಾನು ಹಾಕಿದರೆ ಅದರ ತ್ರಿಜ್ಯ ಎಷ್ಟು? ಮೂಲೆಯಿಂದ ಬಂದ ದೂರವೇ. 5 ಇಂಚು, 10, 15, 20, 25. ಐದು ಕಮಾನು, ಒಂದರ ಮುಂದೆ ಒಂದು, ಒಳಗಿನಿಂದ ಹೊರಕ್ಕೆ ದೊಡ್ಡದಾಗುತ್ತಾ. ಕೊನೆಯ 25 ಇಂಚು ಅಂದರೆ ನಮ್ಮ ಅದೇ ಎರಡಡಿ ಒಂದಿಂಚು. ಅದರ ಮುಂದಿನ ಮುಖ ಸರಿಯಾಗಿ ಎಂಟು ಮೂಲೆಯ ಒಂದು ಬದಿಯ ಮೇಲೆ ಬಂದು ನಿಲ್ಲುತ್ತದೆ. ಐದೈದಿಂಚು ಯಾಕೆ ಅಂದರೆ ನಮ್ಮ ಕಡೆಯ ಇಟ್ಟಿಗೆ 9, 4½, 3 ಇಂಚು. ನಾಲ್ಕೂವರೆ ಇಟ್ಟಿಗೆ, ಅರ್ಧ ಇಂಚು ಕಲಸು.

ಹಳೇ ಪ್ಲೈವುಡ್‌ನಲ್ಲಿ ಐದು ಅರ್ಧಚಂದ್ರ ಕೊಯ್ಯಿಸಿಕೊಳ್ಳಿ. ಮೇಲೆ ಹೇಳಿದ ಲೆಕ್ಕದ ಒಂದು ಲಾಭ ಇದೆ: 15 ಇಂಚಿನ ಅರ್ಧಚಂದ್ರ ಮೂಲೆಯೊಳಗೆ 15 ಇಂಚಿಗಿಂತ ಒಳಕ್ಕೆ ಹೋಗುವುದೇ ಇಲ್ಲ, ಎರಡೂ ಗೋಡೆಗೆ ತಾಗಿ ನಿಂತುಬಿಡುತ್ತದೆ. ಅಳೆಯುವ ಕೆಲಸವೇ ಇಲ್ಲ. ಪಕ್ಕದಲ್ಲಿ ಸಂದು ಕಂಡರೆ ಒಂದೋ ಗೋಡೆ ಓರೆಯಾಗಿದೆ, ಇಲ್ಲಾ ಹಲಗೆ ಮುಂದೆ ಬಂದಿದೆ. ಕೆಳಗೆ ಒಣ ಇಟ್ಟಿಗೆ ಪೇರಿಸಿ ಹಲಗೆ ನಿಲ್ಲಿಸಿ. ತೆಗೆಯುವಾಗ ಸುಲಭ ಆಗಲಿ ಅಂತ ಅಡಿಗೆ ತೆಳು ಬೆಣೆ ಕೊಡಿ.

ಒಳಗಿನ ಮೊದಲ ಕಮಾನು ಹೆಸರಿಗೆ ಮಾತ್ರ ಕಮಾನು. ಅಷ್ಟು ಸಣ್ಣ ಬಾಗಿಗೆ ಪೂರ್ತಿ ಇಟ್ಟಿಗೆ ಬಗ್ಗಲ್ಲ. ಚೂರುಗಳನ್ನು ಬೆಣೆಯ ಹಾಗೆ ಒಡೆದು ತುಂಬಿಸಿದರೆ ಸಾಕು. ಎರಡನೆಯದಕ್ಕೂ ಇಟ್ಟಿಗೆಯನ್ನು ಸ್ವಲ್ಪ ಕೆತ್ತಬೇಕಾಗುತ್ತದೆ. ನಿಜವಾದ ಕೆಲಸ ಮಾಡುವುದು ಮುಂದಿನ ಮೂರು. ಅವಕ್ಕೆ ಇಟ್ಟಿಗೆಯ ಒಂಬತ್ತಿಂಚಿನ ಉದ್ದ ನಡುವಿನಿಂದ ಹೊರಕ್ಕೆ ಚಾಚಿರುವ ಹಾಗೆ ನಿಲ್ಲಿಸಿ ಇಡಬೇಕು. ಆಗ ಪ್ರತಿ ಕಮಾನು ತನ್ನ ಹಿಂದಿನ ಕಮಾನಿನ ಮುಖಕ್ಕೆ ನಾಲ್ಕಿಂಚು ಒತ್ತಿಕೊಂಡು ಕೂರುತ್ತದೆ. ಇಟ್ಟಿಗೆಯನ್ನು ಮಲಗಿಸಿ ನಾಲ್ಕೂವರೆ ಇಂಚಿನ ಕಮಾನು ಮಾಡಿದರೆ ಒಂದು ಕಮಾನಿಗೂ ಇನ್ನೊಂದಕ್ಕೂ ಸಂಬಂಧವೇ ಇರಲ್ಲ, ನಡುವೆ ಬರೀ ಕಲಸಿನ ಗೆರೆ. ಮಳೆ ನೀರು ಮೊದಲು ಇಳಿಯುವುದೂ ಅಲ್ಲೇ.

ಎಲ್ಲಕ್ಕೂ ಮುಂದಿರುವ ದೊಡ್ಡ ಕಮಾನಿಗೆ 23 ಇಟ್ಟಿಗೆ ಬೇಕು. ಎರಡೂ ಕಾಲಿನಿಂದ ಹನ್ನೊಂದು ಹನ್ನೊಂದು ಇಟ್ಟು ಬಂದು, ನಡುವಿನ ಹನ್ನೆರಡನೆಯದನ್ನು ಕೊನೆಗೆ ಬಿಗಿಯಾಗಿ ಬಡಿದು ಕೂರಿಸಿ. ಒಳಗಿನ ಅಂಚಿನಲ್ಲಿ ಸಂದು ಅರ್ಧ ಇಂಚಿನೊಳಗೆ ಇರುತ್ತದೆ. ಹೊರ ಅಂಚಿನಲ್ಲಿ ಅದು ಒಂದೂವರೆ ಇಂಚಿಗೂ ಮೀರಿ ಬಾಯಿ ಬಿಡುತ್ತದೆ. ಗೌಂಡಿಗಳು ಇಲ್ಲಿ ಕರಣೆಯಲ್ಲಿ ಕಲಸು ತುಂಬಿ ಮುಂದೆ ಹೋಗಿಬಿಡುತ್ತಾರೆ. ಬಿಡಬೇಡಿ. ಕಲಸು ಒಣಗುತ್ತಾ ಕುಗ್ಗುತ್ತದೆ, ಕಮಾನು ಸಡಿಲ ಆಗುತ್ತದೆ. ಇಟ್ಟಿಗೆ ಚೂರನ್ನು ಕಲಸಿನೊಳಗೆ ಸುತ್ತಿಗೆಯಿಂದ ಬಡಿದು ಬಿಗಿ ಮಾಡಿಸಿ, ಸಂದಿನಲ್ಲಿ ಕಲಸಿಗಿಂತ ಇಟ್ಟಿಗೆಯೇ ಜಾಸ್ತಿ ಇರಬೇಕು.

ಕಲಸು ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು. ಸುಣ್ಣ ಇದ್ದರೆ ಕಲಸು ಕರಣೆಗೆ ಹಿಡಿಯುತ್ತದೆ, ಬೇಗ ಬಿರುಕು ಬಿಡಲ್ಲ. ನಮ್ಮ ಬಿಸಿಲಿಗೆ ಇಟ್ಟಿಗೆಯನ್ನು ಚೆನ್ನಾಗಿ ನೆನೆಸಿಯೇ ಇಡಬೇಕು. ಒಣ ಇಟ್ಟಿಗೆ ಕಲಸಿನ ನೀರನ್ನೆಲ್ಲ ಹೀರಿಬಿಟ್ಟರೆ ಕಲಸು ಗಟ್ಟಿಯಾಗಲ್ಲ, ಪುಡಿಯಾಗುತ್ತದೆ. ಉಗುರಿನಿಂದ ಗೀಚಿದರೆ ಉದುರುತ್ತಿದೆಯಾ? ಆ ವರಸೆ ತೆಗೆದು ಮತ್ತೆ ಇಡಿ.

ಕಮಾನು ಏರುತ್ತಾ ಹೋದ ಹಾಗೆ ಹಿಂದಿನ ಮೂಲೆಯನ್ನೂ ಇಟ್ಟಿಗೆ, ಕಲಸಿನಿಂದ ಗಟ್ಟಿಯಾಗಿ ತುಂಬುತ್ತಾ ಬನ್ನಿ. ಮಣ್ಣು, ಕಸ ಹಾಕಬೇಡಿ. ಉಳಿದ ನಾಲ್ಕು ಗೋಡೆಗಳನ್ನೂ ಜೊತೆಜೊತೆಗೇ ಏರಿಸಿ. 8 ಅಡಿಯಿಂದ ಹತ್ತು ವರಸೆ ಏರಿದರೆ 2 ಅಡಿ 11 ಇಂಚು, ಅಲ್ಲಿಗೆ ಕಮಾನಿನ ನೆತ್ತಿ ಮುಚ್ಚಿ ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ಹಲಗೆಯನ್ನು ಏಳು ದಿನ ತೆಗೆಯಬೇಡಿ.

ಉಳಿದ ಐದಿಂಚು

ಈಗ ಕೆಳಗಿಂದ ನೋಡಿದರೆ ಎಂಟು ಮೂಲೆಯ ಬಾಯಿ ಕಾಣುತ್ತದೆ. ಇಲ್ಲಿ ಬಹಳ ಜನ ಕೆಲಸ ಮುಗಿಯಿತು ಅಂದುಕೊಂಡು ಗುಮ್ಮಟ ಶುರು ಮಾಡಿಬಿಡುತ್ತಾರೆ. ಬಾಕಿ ಇನ್ನೂ ತೀರಿಲ್ಲ. ನಡುವಿನಿಂದ ಎಂಟು ಮೂಲೆಯ ತುದಿಗೆ 5 ಅಡಿ 5 ಇಂಚು, ವೃತ್ತಕ್ಕೆ 5 ಅಡಿ. ಇನ್ನೂ ಐದಿಂಚು ಗಾಳಿ ಇದೆ. ಆದರೆ ನೋಡಿ, ಇಪ್ಪತ್ತೈದು ಇಂಚಿನ ಸಮಸ್ಯೆ ಐದಿಂಚಿಗೆ ಇಳಿದಿದೆ. ಐದಿಂಚಿಗೆ ಯಾವ ಕಮಾನೂ ಬೇಡ. ನಡುವೆ ಒಂದು ಕಂಬ ನಿಲ್ಲಿಸಿ ಮೊಳೆಗೆ ದಾರ ಕಟ್ಟಿ. 5 ಅಡಿ 2½ ಇಂಚಿಗೆ ಒಂದು ವರಸೆ, ಅದರ ಮೇಲೆ ಸರಿಯಾಗಿ 5 ಅಡಿಗೆ ಇನ್ನೊಂದು ವರಸೆ. ಎರಡೂವರೆ ಇಂಚಿನಂತೆ ಎರಡು ಸಲ ಒಳಕ್ಕೆ ಚಾಚಿದರೆ ವೃತ್ತ ಸಿಕ್ಕಿತು. ಇಟ್ಟಿಗೆಯ ಮುಕ್ಕಾಲು ಭಾಗ ಹಿಂದಿನ ಗೋಡೆಯ ಮೇಲಿರಬೇಕು, ಇಲ್ಲದಿದ್ದರೆ ಕಲಸು ಒಣಗುವ ಮೊದಲೇ ಮಗುಚುತ್ತದೆ.

ಇದರ ಮೇಲೆ ಬಳೆ. ಒಂಬತ್ತಿಂಚು ಅಗಲ, ನಾಲ್ಕಿಂಚು ದಪ್ಪದ ಕಾಂಕ್ರೀಟ್, ಒಳಗೆ ಎರಡು 10 ಎಂಎಂ ಕಂಬಿ ದುಂಡಗೆ ಬಗ್ಗಿಸಿ ಹಾಕಿದ್ದು. ಕಂಬಿಯ ತುದಿಗಳು ಕನಿಷ್ಠ 20 ಇಂಚು ಒಂದರ ಮೇಲೊಂದು ಹಾಯಬೇಕು, ಎರಡು ಕಂಬಿಯ ಜೋಡಣೆ ಒಂದೇ ಕಡೆ ಬರಬಾರದು.

ಈ ಬಳೆಯ ಬಗ್ಗೆ ನನ್ನದೇ ಒಂದು ಪಾಠ ಹೇಳಿಬಿಡ್ತೀನಿ. ಇದಕ್ಕೂ ಮೊದಲು ಎಂಟಡಿ ಅಳತೆಯ ಇನ್ನೊಂದು ಕೋಣೆ ಮಾಡಿದ್ದೆ. ಸಣ್ಣದಲ್ವಾ, ಬಳೆ ಯಾಕೆ ಅಂತ ಸುಮ್ನೆ ಬಿಟ್ಟೆ. ಮೂರು ತಿಂಗಳಿಗೆ ಒಳಗಿನ ಗಾರೆಯಲ್ಲಿ ಗುಮ್ಮಟದ ಬುಡದಿಂದ ಮೇಲಕ್ಕೆ ಕೂದಲೆಳೆ ಬಿರುಕು ಬಂದವು. ಕಲ್ಲಂಗಡಿ ಹೋಳು ಮಾಡಲು ಗೆರೆ ಎಳೆದ ಹಾಗೆ, ಬುಡದಲ್ಲಿ ಅಗಲ, ಮೇಲೆ ಹೋಗುತ್ತಾ ಸಣ್ಣ, ನೆತ್ತಿಗೆ ಹೋಗುವ ಮೊದಲೇ ಮಾಯ. ಅರ್ಧಗೋಳದ ಗುಮ್ಮಟ ಮಾಡುವುದೇ ಹೀಗೆ. ನೆತ್ತಿಯಿಂದ ಸುಮಾರು 52 ಡಿಗ್ರಿಯವರೆಗೆ ಅದರ ಒಂದೊಂದು ಸುತ್ತೂ ಬಿಗಿದುಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಪ್ರತಿ ಸುತ್ತೂ ಹಿಗ್ಗಲು ನೋಡುತ್ತದೆ. ಇಟ್ಟಿಗೆಗೆ ಅದುಮಿದರೆ ತಡೆಯುವ ಶಕ್ತಿ ಇದೆ, ಎಳೆದರೆ ತಡೆಯಲ್ಲ. ಆ ಎಳೆತವನ್ನು ಹಿಡಿಯಲು ಬಳೆ. ಆಮೇಲೆ ನಾನು ಹೊರಗಿನಿಂದ ಕಬ್ಬಿಣದ ಪಟ್ಟಿ ಸುತ್ತಿ ಬೋಲ್ಟಿನಿಂದ ಬಿಗಿ ಮಾಡಿಸಿದೆ, ಬಿರುಕು ಅಲ್ಲಿಗೇ ನಿಂತಿತು. ಗಾಡಿ ಚಕ್ರಕ್ಕೆ ಪಟ್ಟಾ ಹಾಕಿಸಿದ ಹಾಗೆ.

ಗುಮ್ಮಟ ಏರಿಸುವುದನ್ನು ಚಿಕ್ಕದಾಗಿ ಹೇಳುತ್ತೇನೆ. ಬಳೆಯ ಮೇಲ್ಮಟ್ಟದಲ್ಲಿ ನಡುಗಂಬಕ್ಕೆ ಮೊಳೆ, ಅದಕ್ಕೆ 5 ಅಡಿ ದಾರ. ಪ್ರತಿ ಇಟ್ಟಿಗೆಯ ಒಳಮುಖಕ್ಕೆ ದಾರದ ತುದಿ ಮುಟ್ಟಬೇಕು, ಇಟ್ಟಿಗೆ ದಾರದ ಓರೆಗೆ ಸರಿಯಾಗಿ ಮಲಗಬೇಕು. ನಾಲ್ಕೂವರೆ ಇಂಚು ದಪ್ಪಕ್ಕೆ ಸುಮಾರು 700ರಿಂದ 750 ಇಟ್ಟಿಗೆ ಹಿಡಿಯುತ್ತವೆ. ಒಂದು ಸುತ್ತು ಪೂರ್ತಿ ಕೂಡಿದರೆ ಅದು ತಾನೇ ನಿಲ್ಲುತ್ತದೆ. ಕೂಡುವವರೆಗೆ ಮಾತ್ರ ಮೇಲಿನ ಸುತ್ತುಗಳಲ್ಲಿ ಇಟ್ಟಿಗೆ ಜಾರುತ್ತದೆ. ಅದಕ್ಕೆ ಒಂದು ಹಗ್ಗದ ತುದಿಗೆ ಕಲ್ಲು ಕಟ್ಟಿ, ಹಗ್ಗವನ್ನು ಹೊಸ ಇಟ್ಟಿಗೆ ಮೇಲೆ ಹಾಯಿಸಿ ಕಲ್ಲನ್ನು ಹೊರಗೆ ಇಳಿಬಿಟ್ಟರೆ ಸಾಕು. ಕಂಬ ಮಾತ್ರ ಅಲುಗಾಡಬಾರದು. ಊಟಕ್ಕೆ ಹೋಗಿ ಬಂದಾಗಲೆಲ್ಲ ಗುಂಡು ಬಿಟ್ಟು ನೋಡಿ.

ಕಲಸು ಸೇರಿ ಗುಮ್ಮಟದ ತೂಕ ಸುಮಾರು ಮೂರೂವರೆ ಟನ್. ಎಂಟು ಬದಿಗೆ ಹಂಚಿದರೆ ಒಂದೊಂದು ಸ್ಕ್ವಿಂಚ್ ಮೇಲೆ ನಾಲ್ಕೂವರೆ ಕ್ವಿಂಟಲ್‌ಗೆ ಸ್ವಲ್ಪ ಕಮ್ಮಿ, ಅಂದರೆ 75 ಕೆಜಿಯ ಆರು ಚೀಲ ಭತ್ತ. ಗೌಂಡಿಗೆ ಹೀಗೆ ಹೇಳಿದ ಮೇಲೆಯೇ ಅವನಿಗೆ ಧೈರ್ಯ ಬಂದದ್ದು.

ಪೆಂಡೆಂಟಿವ್ ಆದರೆ ಹೇಗೆ

ಇದೇ ಕೋಣೆಗೆ ಪೆಂಡೆಂಟಿವ್ ಬೇಕು ಅಂದರೆ ದಾರ ಬದಲಾಗುತ್ತದೆ. ನಡುಗಂಬದ ಮೊಳೆ 8 ಅಡಿ ಎತ್ತರದಲ್ಲಿ, ದಾರ 7 ಅಡಿ 1 ಇಂಚು, ಅಂದರೆ ಸರಿಯಾಗಿ ಮೂಲೆಗೆ ಮುಟ್ಟುವಷ್ಟು. ಆ ದಾರವನ್ನು ಮೇಲೆ ಕೆಳಗೆ ಆಡಿಸಿದರೆ ಗೋಡೆಗಳ ಮೇಲೆ ತುದಿ ತಾನೇ ಐದಡಿ ತ್ರಿಜ್ಯದ ಅರ್ಧವೃತ್ತ ಬರೆಯುತ್ತದೆ. ಸುಣ್ಣದ ಕಡ್ಡಿಯಲ್ಲಿ ನಾಲ್ಕು ಗೋಡೆಗೂ ಬರೆದುಕೊಳ್ಳಿ. ಎರಡು ಪಕ್ಕದ ಅರ್ಧವೃತ್ತಗಳ ನಡುವೆ ಮೂಲೆಯಲ್ಲಿ ತಲೆಕೆಳಗಾದ ಮುಕ್ಕೋನ ಉಳಿಯುತ್ತದಲ್ಲ, ಪೆಂಡೆಂಟಿವ್ ಅದನ್ನೇ ತುಂಬುವುದು. ಐದಡಿ ಮೇಲೆ ಹೋದಾಗ ನಾಲ್ಕು ಮುಕ್ಕೋನಗಳು ಸೇರಿ ಹತ್ತಡಿ ವೃತ್ತ ಆಗುತ್ತವೆ. ಎಂಟು ಮೂಲೆ ಇಲ್ಲ, ಉಳಿದ ಐದಿಂಚೂ ಇಲ್ಲ. ನೋಡಲಿಕ್ಕೆ ಇದೇ ಚಂದ, ನಿಜ.

ಕಷ್ಟ ಎಲ್ಲಿದೆ ಅಂದರೆ ಕೊನೆಯ ಒಂದಡಿಯಲ್ಲಿ. ಮೂಲೆಯಿಂದ ಇಟ್ಟಿಗೆ ಎಷ್ಟು ಮುಂದೆ ಬರುತ್ತದೆ ನೋಡಿ: ಒಂದಡಿ ಏರಿದಾಗ ಒಂದಿಂಚೂ ಇಲ್ಲ, ಎರಡಡಿಗೆ ಮೂರೂವರೆ ಇಂಚು, ಮೂರಡಿಗೆ ಎಂಟು, ನಾಲ್ಕಡಿಗೆ ಹದಿನೈದು, ಐದಡಿಗೆ ಇಪ್ಪತ್ತೈದು. ಕೆಳಗೆ ಇಟ್ಟಿಗೆಯನ್ನು ಸಮತಟ್ಟಾಗಿಯೇ ಇಟ್ಟು ಸ್ವಲ್ಪಸ್ವಲ್ಪ ಮುಂದೆ ತರಬಹುದು. ಕೊನೆಯಡಿಯಲ್ಲಿ ಮೂರ್ನಾಲ್ಕು ವರಸೆಗೆ ಹತ್ತಿಂಚು ಮುಂದೆ ಬರಬೇಕು. ಅಲ್ಲಿ ಇಟ್ಟಿಗೆಯನ್ನು ದಾರದ ಓರೆಗೆ ಇಡೋಣ ಅಂದರೆ ಮೂರೂವರೆ ಅಡಿ ಎತ್ತರಕ್ಕೇ ಓರೆ 30 ಡಿಗ್ರಿ, ತುದಿಯಲ್ಲಿ 45. ಹಸಿ ಕಲಸಿನ ಮೇಲೆ ಇಟ್ಟಿಗೆ ಜಾರುತ್ತದೆ. ಗುಮ್ಮಟದಲ್ಲಾದರೆ ಸುತ್ತು ಕೂಡಿ ಹಿಡಿದುಕೊಳ್ಳುತ್ತದೆ. ಇಲ್ಲಿ ಸುತ್ತು ಕೂಡುವುದು ತೀರ ಮೇಲೆ ಹೋದ ಮೇಲೇ. ಹಾಗಾಗಿ ಓರೆಯನ್ನು 30 ಡಿಗ್ರಿಯ ಆಸುಪಾಸಿಗೇ ನಿಲ್ಲಿಸಿ, ಉಳಿದ ಚಾಚನ್ನು ಇಟ್ಟಿಗೆಯ ಮೂತಿ ಕೆತ್ತಿ ತನ್ನಿ, ಪ್ರತಿ ವರಸೆಗೂ ಹಿಂದಿನ ಮೂಲೆ ತುಂಬಿ ಭಾರ ಹೇರಿ, ಕೊನೆಯ ಒಂದೂವರೆ ಅಡಿಗೆ ಕೆಳಗಿನಿಂದ ಸೆಂಟ್ರಿಂಗ್ ಕೊಡಿ. ದಿನಕ್ಕೆ ಎರಡು ವರಸೆಗಿಂತ ಜಾಸ್ತಿ ಬೇಡ.

ಎತ್ತರವೂ ಜಾಸ್ತಿ ಆಗುತ್ತದೆ. ನೆಲದಿಂದ ಗುಮ್ಮಟದ ಒಳ ನೆತ್ತಿಗೆ ಸ್ಕ್ವಿಂಚ್‌ನಲ್ಲಿ ಸುಮಾರು 16 ಅಡಿ 10 ಇಂಚು, ಪೆಂಡೆಂಟಿವ್‌ನಲ್ಲಿ 18 ಅಡಿ 4 ಇಂಚು. ಎತ್ತರ ಉಳಿಸೋಣ ಅಂತ ಕೆಲವರು ವೃತ್ತದಲ್ಲಿ ನಿಲ್ಲಿಸದೆ ಅದೇ 7 ಅಡಿ 1 ಇಂಚಿನ ದಾರದಲ್ಲೇ ಮೇಲಿನ ಮುಚ್ಚಳವನ್ನೂ ಕಟ್ಟಿಬಿಡುತ್ತಾರೆ. ಆಗ ಮುಚ್ಚಳದ ಏರು ಬರೀ ಎರಡಡಿ ಒಂದಿಂಚು. ನಿಲ್ಲುತ್ತದೆ, ಆದರೆ ಚಪ್ಪಟೆಯಾದಷ್ಟೂ ಗುಮ್ಮಟ ಪಕ್ಕಕ್ಕೆ ನೂಕುವುದು ಜಾಸ್ತಿ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ ಗುಮ್ಮಟ ಪೆಂಡೆಂಟಿವ್ ಮೇಲೆ ನಿಂತಿರುವುದು. ಕ್ರಿ.ಶ. 537ರಲ್ಲಿ ಮುಗಿದ ಅದರ ಮೊದಲ ಗುಮ್ಮಟ ಹೀಗೇ ಚಪ್ಪಟೆ ಇತ್ತು. ಭೂಕಂಪಗಳಾದ ಮೇಲೆ 558ರಲ್ಲಿ ಬಿತ್ತು. 562ಕ್ಕೆ ಮತ್ತೆ ಕಟ್ಟಿದಾಗ ಸುಮಾರು 20 ಅಡಿ ಎತ್ತರ ಜಾಸ್ತಿ ಮಾಡಿದರು.

ನಮ್ಮ ವಿಜಯಪುರದ ಗೋಲಗುಮ್ಮಟ ಇವೆರಡಕ್ಕಿಂತ ಬೇರೆ ಜಾಣತನ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟ ಹಾಗೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತವೆ. ಕತ್ತರಿಸುವಾಗ ಮೂಲೆಗಳಲ್ಲಿ ಉಂಟಾಗುವ ಪೆಂಡೆಂಟಿವ್‌ಗಳು ಬರೀ ವೃತ್ತದವರೆಗೆ ಅಲ್ಲ, ವೃತ್ತವನ್ನೂ ದಾಟಿ ಒಳಕ್ಕೆ ಚಾಚುತ್ತವೆ. ಅದರಿಂದಲೇ ಸುಮಾರು 41 ಮೀಟರ್ ಕೋಣೆಯ ಮೇಲೆ ಗುಮ್ಮಟದ ಒಳವ್ಯಾಸ 38 ಮೀಟರ್ ಒಳಗೇ ಇದೆ, ಪಿಸುಗುಟ್ಟುವ ಮೊಗಸಾಲೆ ಇರುವುದು ಆ ಚಾಚಿನ ಮೇಲೆ. ಗುಮ್ಮಟ ಹೊರಕ್ಕೆ ನೂಕುತ್ತದೆ, ಒಳಕ್ಕೆ ಚಾಚಿದ ಆ ಭಾರ ಒಳಕ್ಕೆ ಎಳೆಯುತ್ತದೆ, ಎರಡೂ ಸರಿದೂಗುತ್ತವೆ. ಮುಂದಿನ ಸಲ ಹೋದಾಗ ಪ್ರತಿಧ್ವನಿಗೆ ಕೂಗುವ ಮೊದಲು ಕೆಳಗೆ ನಿಂತು ಒಂದು ಮೂಲೆಯನ್ನೇ ಐದು ನಿಮಿಷ ನೋಡಿ. ಹತ್ತಿರದಲ್ಲೇ ಬೇಕಾದರೆ ಹೊಳೆ ದಾಟಿ ಹಂಪಿಯ ಗಜಶಾಲೆ. ಹನ್ನೊಂದು ಕೋಣೆ, ಮೇಲೆ ಬೇರೆಬೇರೆ ಆಕಾರದ ಗುಮ್ಮಟಗಳು. ಕಣ್ಣನ್ನು ನೆತ್ತಿಯಿಂದ ಇಳಿಸಿ ಮೂಲೆಗೆ ತನ್ನಿ.

ಕಟ್ಟಿದ ಮೇಲೆ

ಬಿರುಕು ಎಲ್ಲಿ ಬಂತು ಅನ್ನುವುದೇ ಕಾಯಿಲೆ ಯಾವುದು ಅಂತ ಹೇಳುತ್ತದೆ. ಬುಡದಿಂದ ಮೇಲಕ್ಕೆ ಹೋಳಿನಂತೆ ಬಂದರೆ ಬಳೆ ಸಾಲಲಿಲ್ಲ. ಸ್ಕ್ವಿಂಚ್ ಕಮಾನಿನ ನೆತ್ತಿಯಲ್ಲಿ ಒಳಗಡೆ ಬಾಯಿ ಬಿಟ್ಟರೆ ಕಮಾನಿನ ಕಾಲುಗಳು ಗೋಡೆಯನ್ನು ಹೊರಕ್ಕೆ ತಳ್ಳಿವೆ, ಅಥವಾ ಹಲಗೆ ಬೇಗ ತೆಗೆದಿದ್ದೀರಿ. ಬಿರುಕಿಗೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯ ಎರಡೂ ತುದಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಒಡೆಯದಿದ್ದರೆ ಅದು ಹಳೇ ಬಿರುಕು, ಗಾರೆ ಮೆತ್ತಿ ಸುಣ್ಣ ಬಳಿಯಿರಿ. ಒಡೆದರೆ ಪಟ್ಟಿ ಸುತ್ತಿಸಬೇಕು, ಗಾರೆಯಿಂದ ಆಗಲ್ಲ. ಹತ್ತಡಿಗಿಂತ ದೊಡ್ಡ ಕೋಣೆಗೆ ನನ್ನ ಅಳತೆಗಳನ್ನು ಹಾಗೇ ಹಿಗ್ಗಿಸಬೇಡಿ. ದಾರದ ಗುರುತು ಸರಿಯಾಗಿ ಬರುತ್ತದೆ, ಗೋಡೆಯ ದಪ್ಪ ಮತ್ತು ಕಂಬಿಯನ್ನು ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿಕೊಳ್ಳಿ.

ಇನ್ನು ಹೊರಗಡೆ. ಚೌಕದ ನಾಲ್ಕು ಮೂಲೆ ಗುಮ್ಮಟದ ಸುತ್ತ ಮುಕ್ಕೋನವಾಗಿ ಉಳಿಯುತ್ತವೆ, ಗುಮ್ಮಟದ ನೀರೆಲ್ಲ ಅಲ್ಲಿಗೇ ಬರುತ್ತದೆ. ಅದರ ಕೆಳಗೇ ಸ್ಕ್ವಿಂಚ್ ಇದೆ. ಮೂಲೆಯನ್ನು ಹೊರಕ್ಕೆ ಇಳಿಜಾರು ಮಾಡಿ, ನೀರು ಹೊರಕ್ಕೆ ಬೀಳುವ ಹಾಗೆ ನಾಲ್ಕಕ್ಕೂ ಒಂದೊಂದು ದೋಣಿ ಇಡಿ. ನಮ್ಮ ಮಾವನವರು ಒಂದು ಮೂಲೆಯಲ್ಲಿ ದೋಣಿ ಬೇಡ, ಅಲ್ಲಿ ತುಳಸಿ ಕುಂಡ ಇಡೋಣ ಅಂದರು. ಮೊದಲ ಮಳೆಗೇ ಆ ಮೂಲೆಯ ಐದೂ ಕಮಾನು ಒಳಗಡೆ ಕಪ್ಪಗಾದವು. ಕುಂಡ ಈಗ ಅಂಗಳದಲ್ಲಿದೆ.